ಸಿಮೆಂಟ್ ಕಾರ್ಖಾನೆಯ ವಿಆರ್‌ಎಸ್ ಚೀಟಿ ಬಂದಿದೆ: 52ಕ್ಕೆ ಬಿಡಬೇಕಾ, 58ರ ತನಕ ಕಾಯಬೇಕಾ?

ಕಾಗಿಣಾ ದಂಡೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರು ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್. 1998ರಲ್ಲಿ ಸೇರಿದವರು. ಈಗ 52 ವರ್ಷ, ನಿವೃತ್ತಿ 58ಕ್ಕೆ. ಹೋದ ವಾರ ವಿಆರ್‌ಎಸ್ ಅಂದರೆ ಸ್ವಯಂ ನಿವೃತ್ತಿಯ ನೋಟಿಸ್ ಹಚ್ಚಿದ್ದಾರೆ. ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು ಒಂದು ಹಾಳೆ ಕೊಟ್ಟಿದ್ದಾರೆ. ಅದರಲ್ಲಿ ಕೊನೆಗೆ ದಪ್ಪ ಅಕ್ಷರದಲ್ಲಿ ಒಟ್ಟು 22,37,308 ರೂ. ಎಂದು ಬರೆದಿದೆ. ಒಪ್ಪಿದರೆ ಜನವರಿ 31ಕ್ಕೆ ಬಿಡುಗಡೆ. ಒಂದು ತಿಂಗಳ ಒಳಗೆ ಅರ್ಜಿ ಕೊಡಬೇಕು.

ಮೂಲ ವೇತನ ಮತ್ತು ಡಿಎ ಸೇರಿ 30,000. ಬೇರೆ ಭತ್ಯೆ ಅದೂ ಇದೂ ಸೇರಿ ಒಟ್ಟು 38,000. ಮಗಳು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಮಗ ಹತ್ತನೇ ತರಗತಿ. ಇವರಿಗೆ ಎರಡೂ ಮೊಣಕಾಲು ನೋವು. ಕಿಲ್ನ್ ಏಣಿ ಹತ್ತಿ ಇಳಿದು ಬಂದ ದಿನ ರಾತ್ರಿ ಬಿಸಿ ಉಪ್ಪಿನ ಗಂಟು ಇಟ್ಟರೇ ನಿದ್ದೆ. ಅವರಿಗೆ ಬಿಡುವ ಮನಸ್ಸಿದೆ. ನನಗೆ ಪಿಂಚಣಿಯ ಚಿಂತೆ. ಆರು ವರ್ಷದ ಸರ್ವಿಸ್ ಹೋದರೆ ಪಿಂಚಣಿ ಎಷ್ಟು ಹೋಗುತ್ತೆ? ತಿಳಿದವರು ಹೇಳಿ.

ತೊಗರಿ ವ್ಯಾಪಾರಿ
22 ಲಕ್ಷ ಒಂದೇ ಸಲ ಕೈಗೆ ಬರುತ್ತೆ ಅಂದರೆ ಯಾಕೆ ಯೋಚನೆ ಅಕ್ಕಾ? ತೊಗೊಳ್ಳಿ. ರಿಂಗ್ ರೋಡಿನ ಕಡೆ ಒಂದು ಪ್ಲಾಟ್ ಹಿಡಿಯಿರಿ.

ಬೀದರ್ ಟೆಲಿಫೋನ್
ನಾನೂ ಬಿಎಸ್‌ಎನ್‌ಎಲ್‌ನಲ್ಲಿ ವಿಆರ್‌ಎಸ್ ತೊಗೊಂಡವನು. 2019ರ ನವೆಂಬರ್ 4ಕ್ಕೆ ತೆರೆದರು, ಡಿಸೆಂಬರ್ 3ಕ್ಕೆ ಮುಗಿಯಿತು. 2020ರ ಜನವರಿ 31ರ ಸಂಜೆ ನಾವು ಎಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಮನೆಗೆ ಹೋದೆವು. ಮುಗಿಸಿದ ವರ್ಷಕ್ಕೆ 35 ದಿನ, ಉಳಿದ ವರ್ಷಕ್ಕೆ 25 ದಿನದ ಸಂಬಳದ ಲೆಕ್ಕ. ಮರು ತಿಂಗಳಿಂದಲೇ ಪಿಂಚಣಿ ಶುರು. ಡಿಎ ಏರಿದಾಗ ಪಿಂಚಣಿಯೂ ಏರುತ್ತೆ. ನನಗೆ ಒಂದು ದಿನವೂ ಪಶ್ಚಾತ್ತಾಪ ಇಲ್ಲ. ಧೈರ್ಯವಾಗಿ ಬಿಡಿ ತಂಗಿ.

ಯಾದಗಿರಿ ಮಾಸ್ತರ
ಮೂರು ತಿಂಗಳ ಮುಂಚೆ ನೋಟಿಸ್ ಕೊಡಬೇಕು. 15 ವರ್ಷ ಅರ್ಹ ಸೇವೆ ಆಗಿದ್ದರೆ ಸಾಕು. ಪಿಂಚಣಿ ಲೆಕ್ಕಕ್ಕೆ ಐದು ವರ್ಷದ ತನಕ ಸೇವೆ ಸೇರಿಸಿ ಕೊಡುತ್ತಾರೆ. ನಮ್ಮ ಹೆಡ್‌ಮಾಸ್ಟರ್ ಹಾಗೇ ಹೋದರು. ನಿಮಗೆ ಆರು ವರ್ಷದಲ್ಲಿ ಐದು ವಾಪಸ್ ಸಿಕ್ಕ ಹಾಗೇ ಆಯ್ತಲ್ಲ.

ಲೆಕ್ಕದ ಪುಸ್ತಕ
ಮಾಸ್ತರ್, ನೀವು ಹೇಳಿದ್ದು ರಾಜ್ಯ ಸರ್ಕಾರಿ ನೌಕರರ ಸೇವಾ ನಿಯಮದ ಸ್ವಯಂ ನಿವೃತ್ತಿ. ಅಲ್ಲಿ ಬಿಡುವುದಕ್ಕೆ ಅಂತ ಬೇರೆ ಪ್ಯಾಕೇಜ್ ಇರುವುದಿಲ್ಲ, ಪಿಂಚಣಿ ಇರುತ್ತೆ. ಈ ತಂಗಿ ಕೇಳುತ್ತಿರುವುದು ಕಾರ್ಖಾನೆಯ ಸ್ಕೀಮ್. ಇಲ್ಲಿ ಪ್ಯಾಕೇಜ್ ಇದೆ, ಐದು ವರ್ಷ ಸೇರಿಸುವ ಮಾತಿಲ್ಲ. ಬೀದರ್ ಅಣ್ಣನವರ ಪಿಂಚಣಿಯೂ ಸರ್ಕಾರಿ ಲೆಕ್ಕದ್ದು, ಡಿಎ ಬರುತ್ತೆ. ಇವರದು ಪಿಎಫ್ ಆಫೀಸಿನ ಇಪಿಎಸ್-95. ಅದಕ್ಕೆ ಡಿಎ ಇಲ್ಲ. ಅವರ ಧೈರ್ಯ ಇವರಿಗೆ ಹೊಂದುವುದಿಲ್ಲ.

ತಂಗಿ, ಆ ಹಾಳೆಯಲ್ಲಿ ಒಟ್ಟು ಮೊತ್ತದ ಮೇಲೆ ಯಾವ ಯಾವ ಸಾಲು ಇದೆ? ಇದ್ದ ಹಾಗೇ ಬರೆಯಿರಿ. ನಾನು ಮೂವತ್ತು ವರ್ಷ ಕಾರ್ಖಾನೆಗಳ ಪಿಎಫ್ ಲೆಕ್ಕ ಬರೆದವನು. ಉತ್ತರ ಇರುವುದು ಆ ಸಾಲುಗಳಲ್ಲಿ.

ಕಾಗಿಣಾ ದಂಡೆ
ಬರೆಯುತ್ತೇನೆ ಅಣ್ಣಾ.
ಎಕ್ಸ್‌ಗ್ರೇಷಿಯಾ, ಮುಗಿದ ವರ್ಷಕ್ಕೆ 60 ದಿನದಂತೆ 27 ವರ್ಷಕ್ಕೆ: 16,20,000
ಗ್ರಾಚ್ಯುಟಿ: 4,67,308
ಉಳಿದ ರಜೆ 120 ದಿನ: 1,20,000
ನೋಟಿಸ್ ಸಂಬಳ ಒಂದು ತಿಂಗಳು: 30,000
ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಸಾಲು ಇವೆ. ಕ್ವಾರ್ಟರ್ಸ್ ಖಾಲಿ ಮಾಡಿದ ಮೇಲೆ ಹಣ. ಬಾಕಿ ಇರುವ ಸಾಲ ಹಿಡಿದುಕೊಳ್ಳಲಾಗುವುದು. ಅರ್ಜಿ ಹಿಂಪಡೆಯಲು ಅವಕಾಶ ಇಲ್ಲ.

ಜೇವರ್ಗಿ ರೋಡ್
ಇಪಿಎಸ್ ಲೆಕ್ಕ ಸುಲಭ ಅಕ್ಕಾ, ನಾನು ಹೇಳ್ತೀನಿ. ಸಂಬಳದ ಮಿತಿ 15,000. ಅದನ್ನು ಸರ್ವಿಸ್‌ನಿಂದ ಗುಣಿಸಿ 70ರಿಂದ ಭಾಗಿಸಬೇಕು. 20 ವರ್ಷ ದಾಟಿದವರಿಗೆ 2 ವರ್ಷ ಬೋನಸ್. ಅಂದರೆ 29 ವರ್ಷ. 6,214 ರೂ. ಬರುತ್ತೆ. 50 ದಾಟಿದ್ದರಿಂದ ನಾಳೆಯಿಂದಲೇ ತೊಗೊಳ್ಳಬಹುದು.

ಲೆಕ್ಕದ ಪುಸ್ತಕ
ತಮ್ಮಾ, ಅರ್ಧ ಸರಿ ಹೇಳಿದಿ. 15,000 ಮಿತಿ ಬಂದದ್ದು 2014ರ ಸೆಪ್ಟೆಂಬರ್ 1ಕ್ಕೆ. ಅದಕ್ಕೂ ಹಿಂದಿನ ಸರ್ವಿಸ್‌ಗೆ 6,500ರ ಮೇಲೆ ಲೆಕ್ಕ. ಎರಡು ತುಂಡು ಮಾಡಿ ಕೂಡಿಸಬೇಕು. ಮೊಬೈಲ್‌ನಲ್ಲಿ ಸಿಗುವ ಎಷ್ಟೋ ಕ್ಯಾಲ್ಕುಲೇಟರ್‌ಗಳು ಇದನ್ನು ಬಿಟ್ಟುಬಿಡುತ್ತವೆ. ಜನ ಆರು ಸಾವಿರ ಅಂದುಕೊಂಡು ಹೋಗಿ ನಾಲ್ಕು ಸಾವಿರ ನೋಡಿ ಜಗಳ ಮಾಡುತ್ತಾರೆ.

ಇವರದು ಹೀಗೆ. 2014ರ ತನಕ 16 ವರ್ಷ, ಅದಕ್ಕೆ ಸುಮಾರು 1,486. ಆಮೇಲಿನ 11 ವರ್ಷಕ್ಕೆ 2,357. ಬೋನಸ್ ಎರಡು ವರ್ಷಕ್ಕೆ 428. ಒಟ್ಟು 4,271 ರೂಪಾಯಿ ಸುಮಾರು. ಇದು 58 ತುಂಬಿದ ಮೇಲೆ ತೊಗೊಂಡರೆ ಬರುವ ಪಿಂಚಣಿ.

ಈಗ ತಂಗಿ ಕೇಳಿದ ಪ್ರಶ್ನೆಗೆ ಬರೋಣ. ಇನ್ನೂ ಆರು ವರ್ಷ ದುಡಿದರೆ ಎಷ್ಟು ಸೇರುತ್ತೆ? 15,000ವನ್ನು 6ರಿಂದ ಗುಣಿಸಿ 70ರಿಂದ ಭಾಗಿಸಿ. ತಿಂಗಳಿಗೆ 1,286. ಅಷ್ಟೇ. ಸಂಬಳ 30,000 ಇರಲಿ, 60,000 ಇರಲಿ, ಹೆಚ್ಚಿನ ಪಿಂಚಣಿಗೆ ಆಯ್ಕೆ ಕೊಡದವರಿಗೆ ಇಷ್ಟೇ. ಅಂದರೆ ನೀವು ಯಾವುದಕ್ಕೆ ಹೆದರಿದ್ದೀರೋ ಅದು ಇಲ್ಲಿ ಸಣ್ಣ ನಷ್ಟ. ದೊಡ್ಡದು ಬೇರೆ ಕಡೆ ಇದೆ.

ಕಾಗಿಣಾ ದಂಡೆ
1,286 ಅಷ್ಟೇನಾ? ನಾನು ಅರ್ಧಕ್ಕರ್ಧ ಹೋಗುತ್ತೆ ಅಂದುಕೊಂಡಿದ್ದೆ. ಮತ್ತೆ ದೊಡ್ಡ ನಷ್ಟ ಯಾವುದು ಅಣ್ಣಾ?

ಲೆಕ್ಕದ ಪುಸ್ತಕ
ಮೊದಲು ಆ 22 ಲಕ್ಷವನ್ನು ಬಿಡಿಸಿ. ಗ್ರಾಚ್ಯುಟಿ ನಿಮ್ಮದೇ. ನಾಳೆ ರಾಜೀನಾಮೆ ಕೊಟ್ಟರೂ ಕೊಡಬೇಕು. ರಜೆ ದುಡ್ಡೂ ನಿಮ್ಮದೇ. ಕೆಲಸ ಬಿಡುವುದಕ್ಕೆ ಅಂತ ಕಾರ್ಖಾನೆ ಕೊಡುತ್ತಿರುವುದು 16,20,000 ಮತ್ತು ನೋಟಿಸ್ ಸಂಬಳ. ಹದಿನಾರೂವರೆ ಲಕ್ಷ. ತೂಗುವಾಗ ತಕ್ಕಡಿಯ ಒಂದು ತಟ್ಟೆಯಲ್ಲಿ ಇಷ್ಟನ್ನೇ ಇಡಿ.

ಇನ್ನೊಂದು ತಟ್ಟೆಯಲ್ಲಿ 72 ತಿಂಗಳು. ತಿಂಗಳಿಗೆ 38,000ದಂತೆ 27 ಲಕ್ಷ 36 ಸಾವಿರ. ಕಾರ್ಖಾನೆ ಕಟ್ಟುವ ಪಿಎಫ್ ಶೇಕಡಾ 12, ಅಂದರೆ 3,600. ಅದರಲ್ಲಿ 1,250 ಪಿಂಚಣಿ ಖಾತೆಗೆ ಹೋಗುತ್ತೆ, ಉಳಿದ 2,350 ನಿಮ್ಮ ಪಿಎಫ್‌ಗೆ. ಅದು ಆರು ವರ್ಷಕ್ಕೆ 1 ಲಕ್ಷ 69 ಸಾವಿರ. ಗ್ರಾಚ್ಯುಟಿ ಇನ್ನೂ ಆರು ವರ್ಷದ್ದು 1 ಲಕ್ಷ 4 ಸಾವಿರ. ಎಲ್ಲ ಸೇರಿ 30 ಲಕ್ಷದ ಹತ್ತಿರ. ಇದರಲ್ಲಿ ಒಂದು ಇನ್‌ಕ್ರಿಮೆಂಟೂ ಹಿಡಿದಿಲ್ಲ.

30ರಲ್ಲಿ 16 ಚಿಲ್ಲರೆ ಕಳೆದರೆ ಹದಿಮೂರೂವರೆ ಲಕ್ಷದ ಕೊರತೆ. 72 ತಿಂಗಳಿಗೆ ಹಂಚಿದರೆ ತಿಂಗಳಿಗೆ 19,000 ಸಮೀಪ. ನಿಮ್ಮ ಮನೆಯವರು ಹೊರಗೆ ಅಷ್ಟು ದುಡಿದರೆ ಸರಿಸಮ. ಪ್ಯಾಕೇಜ್ ದುಡ್ಡನ್ನು ಮುಟ್ಟದೆ ಇಟ್ಟರೆ ಬಡ್ಡಿಯೂ ಇದೆ, ಆಗ ಇನ್ನೂ ಕಡಿಮೆ ದುಡಿದರೂ ನಡೆಯುತ್ತೆ. ಆದ್ದರಿಂದ ಮೊಣಕಾಲು ನೋವಿನ ಫಿಟ್ಟರ್‌ಗೆ 58ರ ತನಕ ಹೊರಗೆ ಹತ್ತೋ ಹದಿನೈದೋ ಸಾವಿರದ ಕೆಲಸ ಸಿಗುತ್ತಾ ಅನ್ನುವುದೇ ನಿಮ್ಮ ನಿಜವಾದ ಪ್ರಶ್ನೆ.

ಶಹಾಬಾದ್ ಕಲ್ಲು
ಸಿಗುತ್ತೆ, ಆದರೆ ಎಲ್ಲಿ ಸಿಗುತ್ತೆ ಕೇಳಿ. ನಾನು ಬೇರೆ ಕಾರ್ಖಾನೆಯವನು. ಎಂಟು ವರ್ಷದ ಹಿಂದೆ ಹೀಗೇ ಬಿಟ್ಟೆ. ಆರು ತಿಂಗಳಿಗೆ ಗುತ್ತಿಗೆದಾರನ ಕೈಯಲ್ಲಿ ಅದೇ ಗೇಟಿನಿಂದ ಒಳಗೆ ಹೋದೆ. ಅದೇ ಕನ್ವೇಯರ್, ಅದೇ ರೋಲರ್, ಪಾಸಿನ ಬಣ್ಣ ಮಾತ್ರ ಬೇರೆ. ಮೊದಲಿನ ಸಂಬಳದ ಅರ್ಧವೂ ಅಲ್ಲ. ಮೊದಲ ದಿನ ನನ್ನ ಕೈಕೆಳಗೆ ಕಲಿತ ಹುಡುಗ ನನಗೆ ಜಾಬ್ ಕಾರ್ಡ್ ಕೊಟ್ಟ. ಅವನೇ ತಲೆ ತಗ್ಗಿಸಿಕೊಂಡ.

ದುಡ್ಡಿನ ಮಾತು ಹೇಳಬೇಕು ಅಂದರೆ, ಬಂದದ್ದರಲ್ಲಿ ಅಣ್ಣತಮ್ಮಂದಿರಿಗೆ ಕೈಸಾಲ ಕೊಟ್ಟೆ. ಇನ್ನೂ ಬಂದಿಲ್ಲ. ಮಗಳ ಮದುವೆ ಅದರಲ್ಲೇ ಆಯ್ತು, ಅದಕ್ಕೆ ಬೇಜಾರಿಲ್ಲ.

ವಾಡಿ ಜಂಕ್ಷನ್
ಲೆಕ್ಕ ಚೆನ್ನಾಗಿದೆ, ಆದರೆ ಒಂದು ಮಾತು ಬಿಟ್ಟಿದೆ. ಆರು ವರ್ಷ ಕೆಲಸ ಇದ್ದೇ ಇರುತ್ತೆ ಅಂತ ಯಾರು ಬರೆದುಕೊಟ್ಟರು? ನಾನು ಯೂನಿಯನ್‌ನಲ್ಲಿ ಇದ್ದವನು. ವಿಆರ್‌ಎಸ್ ಮುಗಿದ ಮೇಲೆ ಉಳಿದವರನ್ನು ಕಾನೂನು ಪ್ರಕಾರ ತೆಗೆದರೆ ಪರಿಹಾರ ವರ್ಷಕ್ಕೆ 15 ದಿನದ ಸಂಬಳ. ಇಲ್ಲಿ 60 ದಿನ ಕೊಡುತ್ತಿದ್ದಾರೆ, ನಾಲ್ಕು ಪಟ್ಟು. ಎಂಎಸ್‌ಕೆ ಮಿಲ್ ಮುಚ್ಚಿದ್ದನ್ನು ನೋಡಿದ ಕಲಬುರಗಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ 72 ತಿಂಗಳನ್ನು ಪೂರ್ತಿ ಹಿಡಿಯುವುದು ತಪ್ಪು.

ಲೆಕ್ಕದ ಪುಸ್ತಕ
ಒಪ್ಪುತ್ತೇನೆ. ಅದು ಕಾರ್ಖಾನೆಯ ಸ್ಥಿತಿ ನೋಡಿ ಹೇಳುವ ಮಾತು. ತಂಗಿ, ಹೊಸ ಕಿಲ್ನ್ ಹಾಕುತ್ತಿದ್ದಾರಾ, ಗಣಿಯ ಗುತ್ತಿಗೆ ಎಷ್ಟು ವರ್ಷ ಉಳಿದಿದೆ, ನಿಮ್ಮವರ ವಿಭಾಗದ ಕೆಲಸ ಗುತ್ತಿಗೆಗೆ ಹೋಗುತ್ತಿದೆಯಾ? ಇದನ್ನು ಪರ್ಚೇಸ್ ವಿಭಾಗದವರನ್ನು ಕೇಳಿ. ಎಚ್‌ಆರ್‌ನವರಿಗಿಂತ ಅವರಿಗೆ ಜಾಸ್ತಿ ಗೊತ್ತಿರುತ್ತೆ. ದೊಡ್ಡ ಬಿಡಿಭಾಗಗಳಿಗೆ ಆರ್ಡರ್ ಹಾಕುತ್ತಿದ್ದರೆ ಯಂತ್ರ ಓಡಿಸುವ ಮನಸ್ಸಿದೆ ಅಂತ ಅರ್ಥ.

ತೊಗರಿ ವ್ಯಾಪಾರಿ
ಪ್ಲಾಟ್ ಬೇಡ ಅಂದರೆ ತೊಗರಿ ಹಿಡಿದಿಡಿ. ಸುಗ್ಗಿಯಲ್ಲಿ ಕೊಂಡು ಮಳೆಗಾಲಕ್ಕೆ ಮಾರಿದರೆ ಬ್ಯಾಂಕಿಗಿಂತ ಜಾಸ್ತಿ.

ಭೀಮಾ ತೀರ
ಹೋದ ಸಲ ಹಿಡಿದಿಟ್ಟವರನ್ನು ಕೇಳಿ ಅಣ್ಣಾ. ನಮ್ಮ ಕಾಕಾ ಇನ್ನೂ ಗೋದಾಮಿನ ಬಾಡಿಗೆ ಕಟ್ಟುತ್ತಿದ್ದಾರೆ. ಪಿಂಚಣಿ ದುಡ್ಡಿನಲ್ಲಿ ವ್ಯಾಪಾರ ಬೇಡ.

ಜೇವರ್ಗಿ ರೋಡ್
ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಸ್ಕೀಮ್‌ಗೆ ಹಾಕಲಿ. ಶೇಕಡಾ 8.2 ಬಡ್ಡಿ. ವಿಆರ್‌ಎಸ್ ತೊಗೊಂಡವರಿಗೆ 60 ಆಗಬೇಕಿಲ್ಲ.

ಹಳೇ ಕ್ಯಾಷಿಯರ್
60 ಆಗಬೇಕಿಲ್ಲ ನಿಜ, ಆದರೆ 55 ಆಗಬೇಕು. ಇವರಿಗೆ 52. ಕೌಂಟರ್‌ನಲ್ಲಿ ವಾಪಸ್ ಕಳಿಸುತ್ತಾರೆ. ಮಾಸಿಕ ಆದಾಯದ ಖಾತೆ ತೆರೆಯಬಹುದು. ಗಂಡ ಹೆಂಡತಿ ಜಂಟಿಯಾಗಿ 15 ಲಕ್ಷದ ತನಕ. ಶೇಕಡಾ 7.4ರಂತೆ ತಿಂಗಳಿಗೆ 9,250 ಬರುತ್ತೆ.

ನಾನು ಬರೆಯಲು ಬಂದದ್ದು ಬೇರೆ ವಿಷಯಕ್ಕೆ. ಹಾಳೆಯ ಕೊನೆಯ ಸಾಲು, ಅರ್ಜಿ ಹಿಂಪಡೆಯಲು ಅವಕಾಶ ಇಲ್ಲ ಅನ್ನುವುದು. 2000ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ವಿಆರ್‌ಎಸ್ ಬಂದಾಗ ನಾನು ಅರ್ಜಿ ಕೊಟ್ಟವನು. ಅಲ್ಲೂ ಹೀಗೇ ಬರೆದಿದ್ದರು. ಎಷ್ಟೋ ಜನ ಅರ್ಜಿ ಕೊಟ್ಟ ಮೇಲೆ ಮನಸ್ಸು ಬದಲಿಸಿದರು. 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಸ್ಕೀಮ್ ಅನ್ನುವುದು ಕರೆ ಮಾತ್ರ, ನೌಕರ ಕೊಡುವ ಅರ್ಜಿಯೇ ಪ್ರಸ್ತಾಪ. ಬ್ಯಾಂಕ್ ಒಪ್ಪುವ ಮುಂಚೆ ಅದನ್ನು ಹಿಂಪಡೆಯಬಹುದು. ಆದರೆ ಸ್ಕೀಮಿನ ದುಡ್ಡು ತೊಗೊಂಡು ಉಪಯೋಗಿಸಿದವರಿಗೆ ಆ ಹಕ್ಕು ಉಳಿಯಲಿಲ್ಲ.

ಇನ್ನೊಂದು ಕಥೆ. ಪಿಂಚಣಿಗೆ ಐದು ವರ್ಷ ಸೇವೆ ಸೇರಿಸಬೇಕಾ ಬೇಡವಾ ಅಂತ ನಮ್ಮವರು ಎಷ್ಟೋ ವರ್ಷ ಕೋರ್ಟಿಗೆ ಅಲೆದರು. 2009ರಲ್ಲಿ ಸುಪ್ರೀಂ ಕೋರ್ಟ್ ನೌಕರರ ಪರ ಹೇಳಿತು. ಸ್ಕೀಮ್ ಬಂದಾಗ ಪಿಂಚಣಿ ನಿಯಮದಲ್ಲಿ ಏನು ಬರೆದಿತ್ತೋ ಅದರ ಮೇಲೆ ಗೆದ್ದೆವು. ಅದಕ್ಕೇ ಹೇಳುತ್ತೇನೆ ತಂಗಿ, ನೋಟಿಸ್ ಬೋರ್ಡಿಗೆ ಹಚ್ಚಿದ್ದು ಬೇರೆ, ಪೂರ್ತಿ ಸ್ಕೀಮ್ ಬೇರೆ. ಪೂರ್ತಿ ಸ್ಕೀಮಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ದಿನಾಂಕ, ಸಹಿ ಇರಲಿ.

ವಾಡಿ ಜಂಕ್ಷನ್
ಅದು ಸರ್ಕಾರಿ ಬ್ಯಾಂಕು. ಖಾಸಗಿ ಕಾರ್ಖಾನೆಗೆ ಅಷ್ಟು ಸುಲಭ ಅಲ್ಲ. ಇಲ್ಲಿ ಅರ್ಜಿ ಕೊಟ್ಟ ಮರುದಿನವೇ ಒಪ್ಪಿದ ಪತ್ರ ಕೈಗೆ ಇಡುತ್ತಾರೆ. ಹಿಂಪಡೆಯಲು ಒಂದು ರಾತ್ರಿಯೂ ಸಿಗುವುದಿಲ್ಲ.

ಹಳೇ ಕ್ಯಾಷಿಯರ್
ಅದೂ ನಿಜವೇ. ಹಾಗಾದರೆ ಕೊನೆಯ ದಿನದ ತನಕ ಅರ್ಜಿ ಕೊಡದಿರುವುದೇ ಲೇಸು.

ಮಿಲ್ ಕಾಲೋನಿ
ಆಸ್ಪತ್ರೆ ಖರ್ಚು ಯಾರೂ ಹೇಳಲಿಲ್ಲ. ನಾನು ಸಣ್ಣ ಕಾರ್ಖಾನೆಯಿಂದ ವಿಆರ್‌ಎಸ್ ತೊಗೊಂಡೆ. ವರ್ಷಕ್ಕೆ 120 ರೂಪಾಯಿ ಕಟ್ಟುತ್ತೇನೆ, ನನಗೂ ಮನೆಯಾಕೆಗೂ ಇಎಸ್‌ಐ ಚಿಕಿತ್ಸೆ ಸಿಗುತ್ತೆ. ಸಕ್ಕರೆ ಕಾಯಿಲೆಯ ಗುಳಿಗೆ ಅಲ್ಲೇ. ಐದು ವರ್ಷ ಇಎಸ್‌ಐ ಇದ್ದವರಿಗೆ ಇದೆ. ಎಲ್ಲರೂ ಮಾಡಿಸಿಕೊಳ್ಳಿ.

ಲೆಕ್ಕದ ಪುಸ್ತಕ
ನಿಮಗೆ ಸಿಕ್ಕದ್ದು ಸರಿ. ಇವರ ಸಂಬಳ 38,000, ಇಎಸ್‌ಐ ಮಿತಿ 21,000. ಕಾರ್ಖಾನೆಯ ಆಸ್ಪತ್ರೆ ನಂಬಿದವರು ಇವರು. ತಂಗಿ, ಬಿಟ್ಟ ಮೇಲೆ ಆ ಆಸ್ಪತ್ರೆ ಇರುತ್ತಾ?

ಕಾಗಿಣಾ ದಂಡೆ
ಇಲ್ಲ ಅಣ್ಣಾ. ಕೇಳಿದೆವು. ಬಿಡುಗಡೆಯಾದ ದಿನ ಕಾರ್ಡ್ ವಾಪಸ್ ಕೊಡಬೇಕಂತೆ. ಕ್ವಾರ್ಟರ್ಸ್‌ಗೆ ಎರಡು ತಿಂಗಳು ಟೈಮ್. ಇಲ್ಲಿ ಕರೆಂಟ್, ನೀರು ಎಲ್ಲ ಸೇರಿ ತಿಂಗಳಿಗೆ ಮುನ್ನೂರು ರೂಪಾಯಿ ಹಿಡಿಯುತ್ತಿದ್ದರು. ಹೊರಗೆ ಬಾಡಿಗೆಯೇ ಐದಾರು ಸಾವಿರ. ಈಗ ಅದನ್ನೂ ಕಾಗದದ ಮೇಲೆ ಬರೆದಿಟ್ಟೆ. ಮತ್ತೆ ಒಂದು ಮಾತು ಮೊದಲು ಹೇಳಿರಲಿಲ್ಲ. ನೌಕರರ ಸೊಸೈಟಿಯಲ್ಲಿ 3 ಲಕ್ಷ ಸಾಲ ಇದೆ.

ಶಹಾಬಾದ್ ಕಲ್ಲು
ಅದನ್ನು ಪ್ಯಾಕೇಜಿನಲ್ಲೇ ಮುರಿದುಕೊಳ್ಳುತ್ತಾರೆ ತಂಗಿ. ನನಗೂ ಹಾಗೇ ಆಯ್ತು. ಚೆಕ್ ನೋಡಿದಾಗ ಎದೆ ಝಲ್ ಅಂದಿತು.

ಲೆಕ್ಕದ ಪುಸ್ತಕ
ಸಾಲ ಹೇಗಿದ್ದರೂ ತೀರಿಸಬೇಕಾದದ್ದೇ, ಅದನ್ನು ವಿಆರ್‌ಎಸ್ ನಷ್ಟ ಅನ್ನಬೇಡಿ. ಆದರೆ ಬಡ್ಡಿಗೆ ಇಡಲು ಉಳಿಯುವುದು ಕಡಿಮೆಯಾಗುತ್ತೆ.

ಈಗ ತೆರಿಗೆ. ಇದು ತಾರೀಖಿನ ಆಟ, ಗಮನ ಕೊಡಿ. ಎಕ್ಸ್‌ಗ್ರೇಷಿಯಾದಲ್ಲಿ 5 ಲಕ್ಷದ ತನಕ ತೆರಿಗೆ ಇಲ್ಲ, ಸ್ಕೀಮ್ ಆದಾಯ ತೆರಿಗೆ ನಿಯಮಕ್ಕೆ ಹೊಂದಿದ್ದರೆ. ಇದು ಜೀವಮಾನಕ್ಕೆ ಒಂದೇ ಸಲ. ಉಳಿದ 11 ಲಕ್ಷ 20 ಸಾವಿರ ಆ ವರ್ಷದ ಸಂಬಳಕ್ಕೆ ಸೇರುತ್ತೆ. ಜನವರಿ 31ಕ್ಕೆ ಬಿಟ್ಟರೆ ಏಪ್ರಿಲ್‌ನಿಂದ ಹತ್ತು ತಿಂಗಳ ಸಂಬಳ 3 ಲಕ್ಷ 80 ಸಾವಿರ ಆಗಲೇ ಆಗಿರುತ್ತೆ. ನೋಟಿಸ್ ಸಂಬಳ ಸೇರಿಸಿ, 75,000 ಕಡಿತ ಕಳೆದರೆ ಹದಿನಾಲ್ಕೂವರೆ ಲಕ್ಷ. 2025-26ರ ಹೊಸ ಪದ್ಧತಿಯ ದರದಲ್ಲಿ ತೆರಿಗೆ ಒಂದು ಲಕ್ಷ ಎರಡು ಸಾವಿರದ ಹತ್ತಿರ.

ಅದೇ ಬಿಡುಗಡೆ ಏಪ್ರಿಲ್ 30ಕ್ಕೆ ಆದರೆ? ಹೊಸ ವರ್ಷದಲ್ಲಿ ಒಂದೇ ತಿಂಗಳ ಸಂಬಳ. ಎಲ್ಲ ಸೇರಿ 75,000 ಕಳೆದರೆ ಹನ್ನೊಂದು ಲಕ್ಷದ ಮೇಲೆ ಸ್ವಲ್ಪ. ಇದೇ ದರ ಮುಂದುವರಿದರೆ 12 ಲಕ್ಷದ ತನಕ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಆ ವರ್ಷದ ಬಡ್ಡಿ ಸೇರಿ 12 ದಾಟಿದರೆ ದಾಟಿದ ಮೊತ್ತದಷ್ಟು ಬೀಳಬಹುದು. ಮೂರು ತಿಂಗಳ ಸಂಬಳವೂ ಸಿಗುತ್ತೆ, ಲಕ್ಷ ರೂಪಾಯಿ ತೆರಿಗೆಯೂ ಉಳಿಯುತ್ತೆ. ಎಚ್‌ಆರ್‌ಗೆ ಬರವಣಿಗೆಯಲ್ಲಿ ಕೇಳಿ. ಕೊಡದೇ ಇರಬಹುದು, ಆದರೆ ಕೇಳುವುದಕ್ಕೆ ಏನಾಗಬೇಕು?

ಬೀದರ್ ಟೆಲಿಫೋನ್
ಇದು ಗೊತ್ತಿರಲಿಲ್ಲ ನೋಡಿ. ನಮಗೆ ತಾರೀಖು ಎಲ್ಲರಿಗೂ ಒಂದೇ ಇತ್ತು. ನನ್ನ ಮೊದಲಿನ ಮಾತು ವಾಪಸ್ ತೊಗೊಳ್ಳುತ್ತೇನೆ ತಂಗಿ, ನಿಮ್ಮದು ಬೇರೆ ಲೆಕ್ಕ. ನನಗೆ ಡಿಎ ಬರುವ ಪಿಂಚಣಿ ಇಲ್ಲದಿದ್ದರೆ ನಾನೂ ಬಿಡುತ್ತಿರಲಿಲ್ಲ.

ಜೇವರ್ಗಿ ರೋಡ್
ಸರ್, ಪಿಂಚಣಿ 52ಕ್ಕೇ ಶುರು ಮಾಡಿಸಿದರೆ ತಪ್ಪೇನು? ವರ್ಷಕ್ಕೆ ಶೇಕಡಾ 4 ಕಡಿಮೆ, ಆರು ವರ್ಷಕ್ಕೆ ಹೆಚ್ಚು ಕಡಿಮೆ ಸಾವಿರ ರೂಪಾಯಿ ಕಡಿಮೆಯಾಗುತ್ತೆ. ಆದರೆ 3,300ರಂತೆ 72 ತಿಂಗಳು ಮೊದಲೇ ಬಂದರೆ ಎರಡು ಲಕ್ಷ ಮೂವತ್ತು ಸಾವಿರದ ಮೇಲೆ. ಆ ಸಾವಿರದ ಕೊರತೆ ಅದನ್ನು ತಿಂದು ಹಾಕಲು ಸುಮಾರು 20 ವರ್ಷ ಬೇಕು. 78 ವಯಸ್ಸಿನ ತನಕ ಲಾಭವೇ ಅಲ್ವಾ?

ಲೆಕ್ಕದ ಪುಸ್ತಕ
ಲೆಕ್ಕ ಸರಿ ಇದೆ ತಮ್ಮಾ. ಇದರಲ್ಲಿ ನಾನು ನಿನ್ನನ್ನು ಪೂರ್ತಿ ಅಲ್ಲಗಳೆಯುವುದಿಲ್ಲ. ಆದರೆ ಎರಡು ಮಾತು. ಒಮ್ಮೆ ಪಿಂಚಣಿ ಶುರುವಾದರೆ ಮುಂದೆ ಬೇರೆ ಕಡೆ ಸೇರಿದರೂ ಪಿಂಚಣಿ ಸರ್ವಿಸ್ ಬೆಳೆಯುವುದಿಲ್ಲ. ಇವರು ಗುತ್ತಿಗೆದಾರನ ಹತ್ತಿರ ಹೋದರೂ ಅದೇ ಯುಎಎನ್ ನಂಬರ್ ಕೊಟ್ಟು ಪಿಎಫ್ ಕಟ್ಟಿಸಿದರೆ 58ರ ತನಕ ಸರ್ವಿಸ್ ಸೇರುತ್ತಾ ಹೋಗುತ್ತೆ. ಆಗ ಆ 1,286ರಲ್ಲಿ ಬಹುಪಾಲು ವಾಪಸ್ ಬರುತ್ತೆ. ಎರಡನೆಯದು, ಗಂಡ ಹೋದ ಮೇಲೆ ಹೆಂಡತಿಗೆ ಬರುವುದು ಅವರ ಪಿಂಚಣಿಯ ಅರ್ಧ. ಮೊದಲೇ ಕಡಿಮೆ ಮಾಡಿಸಿಕೊಂಡರೆ ಆ ಅರ್ಧವೂ ಕಡಿಮೆ.

ಜೇವರ್ಗಿ ರೋಡ್
ಗುತ್ತಿಗೆದಾರರು ಪಿಎಫ್ ಕಟ್ಟುತ್ತಾರೆ ಅನ್ನುವ ನಂಬಿಕೆ ನನಗಿಲ್ಲ. ನಾನಾದರೆ 52ಕ್ಕೇ ತೊಗೊಳ್ಳುತ್ತೇನೆ.

ಶಹಾಬಾದ್ ಕಲ್ಲು
ನನ್ನವನು ಕಟ್ಟಿದ. ಆದರೆ ಎರಡು ವರ್ಷ ಹೊಸ ಯುಎಎನ್ ಮಾಡಿಸಿ ಕಟ್ಟಿದ್ದ. ಅದನ್ನು ಹಳೆಯದಕ್ಕೆ ಸೇರಿಸಲು ಕಲಬುರಗಿ ಪಿಎಫ್ ಆಫೀಸಿಗೆ ನಾಲ್ಕು ಸಲ ಹೋದೆ.

ಕಾಗಿಣಾ ದಂಡೆ
58ರ ತನಕ ಪಿಂಚಣಿಗೆ ಅರ್ಜಿ ಹಾಕದೆ ಕಾದರೆ, ನಡುವೆ ಇವರಿಗೆ ಏನಾದರೂ ಆದರೆ ಎಲ್ಲ ಹೋಗುತ್ತಾ ಅಣ್ಣಾ? ಕೇಳಬಾರದು, ಆದರೂ ಕೇಳುತ್ತಿದ್ದೇನೆ.

ಲೆಕ್ಕದ ಪುಸ್ತಕ
ಕೇಳಲೇಬೇಕಾದ ಮಾತು ತಂಗಿ. ಪಿಂಚಣಿ ಹೋಗುವುದಿಲ್ಲ. 10 ವರ್ಷಕ್ಕಿಂತ ಹೆಚ್ಚು ಸರ್ವಿಸ್ ಇರುವುದರಿಂದ ಕೆಲಸ ಬಿಟ್ಟ ಮೇಲೂ ಹೆಂಡತಿಗೆ ಪಿಂಚಣಿ ಇದೆ. ಪಿಎಫ್ ಹಣವೂ ಖಾತೆಯಲ್ಲಿ ಬಿಟ್ಟರೆ 58ರ ತನಕ ಬಡ್ಡಿ ಬೆಳೆಯುತ್ತೆ. ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಲೆಕ್ಕ ಇದೆ, ಅಷ್ಟೇ.

ಹೋಗುವುದು ಒಂದು ಇದೆ, ಅದನ್ನು ಯಾವ ಹಾಳೆಯಲ್ಲೂ ಬರೆಯುವುದಿಲ್ಲ. ಪಿಎಫ್ ಜೊತೆಗೆ ಇರುವ ಇಡಿಎಲ್‌ಐ ವಿಮೆ. ಕೆಲಸದಲ್ಲಿ ಇರುವಾಗ ತೀರಿಕೊಂಡರೆ ಮನೆಯವರಿಗೆ 7 ಲಕ್ಷದ ತನಕ ಸಿಗುತ್ತೆ. ನೌಕರನ ಸಂಬಳದಿಂದ ಅದಕ್ಕೆ ಪೈಸೆಯೂ ಹಿಡಿಯುವುದಿಲ್ಲ, ಹಾಗಾಗಿ ಅದು ಇದೆ ಅಂತಲೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಬಿಟ್ಟ ಮೇಲೆ ಆ ರಕ್ಷಣೆ ನಿಲ್ಲುತ್ತೆ. ನಾನು ಲೆಕ್ಕ ಬರೆದ ಒಂದು ಕಡೆ ವಿಆರ್‌ಎಸ್ ತೊಗೊಂಡವರೊಬ್ಬರು ಐದೇ ತಿಂಗಳಿಗೆ ಹೋದರು. ಅವರ ಹೆಂಡತಿ ಫಾರಂ ಹಿಡಿದುಕೊಂಡು ಬಂದಾಗ ನಾನು ಏನು ಹೇಳಲಿ? ಬಿಡುವುದಾದರೆ ಅವಧಿ ವಿಮೆಯನ್ನೂ ಆಸ್ಪತ್ರೆ ವಿಮೆಯನ್ನೂ ಕೆಲಸದಲ್ಲಿ ಇರುವಾಗಲೇ ಮಾಡಿಸಿ. ಮೊಣಕಾಲು ನೋವನ್ನು ಮುಚ್ಚಿಡಬೇಡಿ, ಇದ್ದದ್ದನ್ನು ಬರೆಯಿರಿ.

ಯಾದಗಿರಿ ಮಾಸ್ತರ
ಇಡಿಎಲ್‌ಐ ನಮ್ಮ ತಮ್ಮನಿಗೂ ಇರಬೇಕು. ಅವನು ಸೋಲಾರ್ ಕಂಪನಿಯಲ್ಲಿ ಇದ್ದಾನೆ. ಹೇಗೆ ನೋಡುವುದು?

ಲೆಕ್ಕದ ಪುಸ್ತಕ
ಪಿಎಫ್ ಕಟ್ಟುತ್ತಿದ್ದರೆ ಸಾಮಾನ್ಯವಾಗಿ ಇದ್ದೇ ಇರುತ್ತೆ ಮಾಸ್ತರ್. ಇ-ನಾಮಿನೇಷನ್ ಮಾಡಿದ್ದಾನಾ ಕೇಳಿ, ಅದು ಮುಖ್ಯ.

ತಂಗಿ, ಕೊನೆಗೆ ಒಂದು ಕೆಲಸ. ಯುಎಎನ್ ಪೋರ್ಟಲ್‌ನಲ್ಲಿ `Service History` ತೆಗೆದು `DOJ EPS`, ಅಂದರೆ ಪಿಂಚಣಿ ಸ್ಕೀಮಿಗೆ ಸೇರಿದ ದಿನ, ಅದರ ಎದುರು ಯಾವ ತಾರೀಖು ಇದೆ ನೋಡಿ. ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಇದ್ದಂತೆಯೇ ಇದೆಯಾ ನೋಡಿ.

ಕಾಗಿಣಾ ದಂಡೆ
ಮಗಳ ಕೈಯಲ್ಲಿ ತೆಗೆಸಿದೆ ಅಣ್ಣಾ. ಹೆಸರು ಸರಿ ಇದೆ. ಆದರೆ ತಾರೀಖು 2001ರ ಆಗಸ್ಟ್ ಇದೆ! ಇವರು ಸೇರಿದ್ದು 1998. ಕೇಳಿದರೆ ಮೊದಲ ಮೂರು ವರ್ಷ ಟ್ರೇನಿ ಅಂತ ಇಟ್ಟಿದ್ದರು, ಪಿಎಫ್ ಹಿಡಿಯುತ್ತಿದ್ದರೋ ಇಲ್ಲವೋ ನೆನಪಿಲ್ಲ ಅನ್ನುತ್ತಾರೆ. ಟ್ರಂಕ್‌ನಲ್ಲಿ ಹಳೆಯ ಸಂಬಳ ಚೀಟಿ ಹುಡುಕುತ್ತಿದ್ದಾರೆ.

ಲೆಕ್ಕದ ಪುಸ್ತಕ
1998ರಿಂದ 2001ರ ಒಂದು ಚೀಟಿಯಲ್ಲಾದರೂ ಪಿಎಫ್ ಕಡಿತ ಇದ್ದರೆ ದೊಡ್ಡ ಸಾಕ್ಷಿ. ಆಗ ಜಂಟಿ ಘೋಷಣೆ ಅರ್ಜಿ ಹಾಕಿ ತಾರೀಖು ತಿದ್ದಿಸಬಹುದು. ಅದಕ್ಕೆ ಕಾರ್ಖಾನೆಯ ಒಪ್ಪಿಗೆ ಬೇಕು, ಕೆಲಸದಲ್ಲಿ ಇರುವಾಗಲೇ ಆಗಬೇಕು. ಬಿಟ್ಟ ಮೇಲೆ ಹಿಂದೆ ಬಿದ್ದು ಸಾಕಾಗುತ್ತೆ. ಕಡಿತವೇ ಆಗಿಲ್ಲದಿದ್ದರೆ ಪಿಂಚಣಿಯಲ್ಲಿ ಮೂರು ವರ್ಷದ್ದು ತಿಂಗಳಿಗೆ 280 ರೂ. ಸುಮಾರು ಕಡಿಮೆ ಹಿಡಿಯಿರಿ.

ವಾಡಿ ಜಂಕ್ಷನ್
ತಾಳಿ ಅಣ್ಣಾ. ಎಚ್‌ಆರ್‌ನವರು ಹಾಳೆಯಲ್ಲಿ 27 ವರ್ಷ ಹಿಡಿದಿದ್ದಾರೆ. ಈಗ ಹೋಗಿ 2001 ಅಂತ ಬಾಯಿ ಬಿಟ್ಟರೆ 24 ವರ್ಷ ಮಾಡಿಬಿಟ್ಟರೆ? ಎಕ್ಸ್‌ಗ್ರೇಷಿಯಾದಲ್ಲೇ 1 ಲಕ್ಷ 80 ಸಾವಿರ ಹೋಗುತ್ತೆ. 280 ರೂಪಾಯಿಗೆ ಅದನ್ನು ಕಳೆಯಬೇಕಾ?

ಹಳೇ ಕ್ಯಾಷಿಯರ್
ಮೊದಲು 27 ವರ್ಷ ಅಂತ ಸಹಿ, ಸೀಲ್ ಇರುವ ಪತ್ರ ಕೈಗೆ ಬರಲಿ. ನೇಮಕಾತಿ ಪತ್ರದಲ್ಲಿ ಯಾವ ತಾರೀಖು ಇದೆ ಅದನ್ನೂ ನೋಡಿ.

ಲೆಕ್ಕದ ಪುಸ್ತಕ
ನನಗೆ ಮುಚ್ಚಿಡುವುದು ಸರಿ ಕಾಣುವುದಿಲ್ಲ. ಕೊನೆಯ ಲೆಕ್ಕದಲ್ಲಿ ಅವರೇ ಕಂಡುಹಿಡಿದರೆ ಆಗ ಅರ್ಜಿ ಕೊಟ್ಟಾಗಿರುತ್ತೆ, ಬಾಯಿ ಕಟ್ಟಿದ ಹಾಗೆ. ಟ್ರೇನಿ ಕಾಲವೂ ಸೇವೆಯೇ ಅಂತ ಈಗಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ.

ಕಾಗಿಣಾ ದಂಡೆ
ಎರಡೂ ಮಾತು ಇವರಿಗೆ ಓದಿ ಹೇಳಿದೆ. ಚೀಟಿ ಸಿಕ್ಕಿತು, 1999ರ ನವೆಂಬರ್‌ದು, ಹಳದಿ ಬಿದ್ದಿದೆ. ಪಿಎಫ್ ಅನ್ನುವ ಜಾಗದಲ್ಲಿ ಅಂಕಿ ಇದೆ, ಮಸುಕಾಗಿದೆ, ಆದರೆ ಓದಲು ಬರುತ್ತೆ. ಸೋಮವಾರ ಇವರು ಎಚ್‌ಆರ್‌ಗೆ ಎರಡು ಅರ್ಜಿ ಒಯ್ಯುತ್ತಿದ್ದಾರೆ. ಒಂದು ಸರ್ವಿಸ್ ತಾರೀಖಿಗೆ, ಒಂದು ಬಿಡುಗಡೆ ಏಪ್ರಿಲ್‌ಗೆ ಹಾಕಿಕೊಡಿ ಅಂತ. ವಿಆರ್‌ಎಸ್ ಅರ್ಜಿ ಇನ್ನೂ ಖಾಲಿ ಇದೆ. ದೇವರ ಜಗಲಿ ಮೇಲೆ ಇಟ್ಟಿದ್ದೇನೆ. ಕೊನೆಯ ತಾರೀಖಿಗೆ ಹನ್ನೊಂದು ದಿನ ಇದೆ.

ಶಹಾಬಾದ್ ಕಲ್ಲು
ಆ ಚೀಟಿಯ ಝೆರಾಕ್ಸ್ ಮಾತ್ರ ಕೊಡಿ ತಂಗಿ. ಮೂಲ ನಿಮ್ಮ ಹತ್ತಿರವೇ ಇರಲಿ.